ನಾಲ್ಕು ಗಂಟೆಯೊಳಗೆ ಉತ್ತರಿಸಿ

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅರ್ಜಿ, ವರದಿಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಹೇಳುವ ಕ್ರಮದಲ್ಲಿ ಕೊರತೆಗಳಿದ್ದರೆ ಓದುವವರು ಮನ್ನಿಸಬೇಕು. ನನ್ನ ಕಡೆಯ ತಪ್ಪನ್ನು ಮಾತ್ರ ಎಲ್ಲಿಯೂ ಮರೆಮಾಡಿಲ್ಲ.

ಬೆಂಗಳೂರಿನ ಜೆ.ಪಿ. ನಗರದ ಒಂದು ಖಾಸಗಿ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಲ್ಲಿ ನಾನು ಆರು ತಿಂಗಳ ಇಂಟರ್ನ್ ಆಗಿದ್ದೆ. ಸ್ವಾಗತ ಕೌಂಟರಿನ ಎರಡು ಹುದ್ದೆಗಳಿಗೆ ಬಂದ ರೆಸ್ಯೂಮೆಗಳನ್ನು ಚೆಕ್‌ಲಿಸ್ಟ್ ಪ್ರಕಾರ ಜರಡಿ ಹಿಡಿಯುವುದು ನನ್ನ ಕೆಲಸ. ಪಿಯುಸಿ ಆಗಿದೆಯೇ, ಗ್ರಾಹಕರೊಡನೆ ಒಂದು ವರ್ಷವಾದರೂ ವ್ಯವಹರಿಸಿದ ಅನುಭವವಿದೆಯೇ, ಕನ್ನಡ ಮತ್ತು ಇಂಗ್ಲಿಷ್ ಮಾತನಾಡಬಲ್ಲರೇ, ಕಂಪ್ಯೂಟರ್ ಬರುತ್ತದೆಯೇ. ಒಂದೊಂದಕ್ಕೂ ಎರಡು ಅಂಕ, ಒಂದು ಅಂಕ ಅಥವಾ ಸೊನ್ನೆ. ಊರು, ವಯಸ್ಸು, ಫೋಟೊ ನೋಡಿ ಅಂಕ ಕೊಡುವಂತಿರಲಿಲ್ಲ.

ಆ ರೆಸ್ಯೂಮೆಗಳ ನಡುವೆ ನನ್ನ ಅಕ್ಕನದೂ ಇತ್ತು. ನಾನು ಓದಲೆಂದು ಪಿಯುಸಿಗೇ ನಿಲ್ಲಿಸಿದವಳು ಅವಳು. ಜಯನಗರದ ಸೂಪರ್‌ಮಾರ್ಕೆಟ್ ಒಂದರ ಬಿಲ್ಲಿಂಗ್ ಕೌಂಟರಿನಲ್ಲಿ ಏಳು ವರ್ಷದಿಂದ ನಿಂತೇ ದುಡಿಯುತ್ತಿದ್ದಳು. ಕಾಲಿನ ನರಗಳು ಗಂಟುಗಟ್ಟಿದ್ದವು. ಕುಳಿತು ಮಾಡುವ ಕೆಲಸ ಹುಡುಕಿಕೊಳ್ಳದಿದ್ದರೆ ಹುಣ್ಣಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು.

ವಿಷಯವನ್ನು ಕೂಡಲೇ ನಮ್ಮ ಮ್ಯಾನೇಜರಿಗೆ ತಿಳಿಸಿದೆ.

"ಹೇಳಿದ್ದು ಒಳ್ಳೇದಾಯ್ತು. ಅವರ ರೆಸ್ಯೂಮೆ ನೀವು ಮುಟ್ಟಬೇಡಿ, ಬೇರೆಯವರು ನೋಡ್ತಾರೆ," ಎಂದರು ಮೇಡಂ. "ಇಂಟರ್‌ವ್ಯೂ ಟೈಮ್ ಹಂಚೋದು ನೀವೇ ಮಾಡಿ. ಎಲ್ರಿಗೂ ಒಂದೇ ಮೆಸೇಜ್ ತಾನೆ?"

ಸಹೋದ್ಯೋಗಿಯೊಬ್ಬರು ಅಕ್ಕನಿಗೆ ಎಂಟಕ್ಕೆ ಏಳು ಅಂಕ ಕೊಟ್ಟರು. ಆಯ್ಕೆಯಾದ ಎಂಟು ಮಂದಿಯಲ್ಲಿ ಅವಳೂ ಒಬ್ಬಳು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ.

ಗುರುವಾರ ಒಂದೇ ದಿನ ಎಂಟು ಸಂದರ್ಶನ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂಟೂ ಜನರಿಗೆ ಒಂದೇ ಸಂದೇಶವನ್ನು ಒಂದೇ ಕ್ಷಣದಲ್ಲಿ ಕಳುಹಿಸಿದೆ: ಇಂದು ಸಂಜೆ ನಾಲ್ಕು ಗಂಟೆಯೊಳಗೆ ಸಮಯ ಆರಿಸಿ ಉತ್ತರಿಸಿ, ಇಲ್ಲವಾದರೆ ಕಾಯುವ ಪಟ್ಟಿಯಲ್ಲಿರುವವರಿಗೆ ಅವಕಾಶ ಕೊಡಲಾಗುವುದು. ಆ ನಾಲ್ಕು ಗಂಟೆಯ ಗಡುವು ಮೇಡಂ ಹೇಳಿದ್ದಲ್ಲ. ಅಚ್ಚುಕಟ್ಟಾಗಿ ಕಾಣಲೆಂದು ನಾನೇ ಹಾಕಿದ್ದು.

ಕಳುಹಿಸಿದ ಮೇಲೆ ನೆನಪಾಯಿತು. ಸೂಪರ್‌ಮಾರ್ಕೆಟ್‌ನಲ್ಲಿ ಡ್ಯೂಟಿ ಮುಗಿಯುವವರೆಗೆ ಫೋನನ್ನು ಲಾಕರಿನಲ್ಲಿಡಬೇಕು. ಅಕ್ಕನ ಡ್ಯೂಟಿ ಮುಗಿಯುವುದು ಆರಕ್ಕೆ.

ಮೂರೂವರೆಗೆ ಆರು ಉತ್ತರಗಳು ಬಂದಿದ್ದವು. ಅಂಗಡಿಯ ಲ್ಯಾಂಡ್‌ಲೈನ್ ನಂಬರು ನನಗೆ ಗೊತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಕುಳಿತೆ. ಒಬ್ಬಳಿಗೇ ಕರೆ ಮಾಡಿದರೆ ಪಕ್ಷಪಾತವಾಗುತ್ತದೆ ಎಂದುಕೊಂಡೆ. ನಾಲ್ಕು ದಾಟಿ ಐದು ನಿಮಿಷಕ್ಕೆ ಉಳಿದ ಎರಡು ಸಮಯಗಳನ್ನು ಕಾಯುವ ಪಟ್ಟಿಯವರಿಗೆ ಕೊಟ್ಟೆ. ಅವರಿಬ್ಬರೂ ತಕ್ಷಣ ಒಪ್ಪಿದರು.

ಆರು ಗಂಟೆಯ ಮೇಲೆ ಎರಡು ಉತ್ತರಗಳು ಬಂದವು. ಒಂದು ಅಕ್ಕನದು: "ಹನ್ನೊಂದೂವರೆ ಆಗಬಹುದು ಮೇಡಂ, ಧನ್ಯವಾದಗಳು." ಸಂದೇಶ ಹೋದದ್ದು ಕಂಪನಿಯ ನಂಬರಿನಿಂದ; ಕಳುಹಿಸಿದವಳು ನಾನೆಂದು ಅವಳಿಗೆ ತಿಳಿದಿರಲಿಲ್ಲ. ಇನ್ನೊಂದು, ಸೆಕ್ಯುರಿಟಿ ಕೆಲಸದಲ್ಲಿದ್ದ ಒಬ್ಬರದು: "ಗೇಟ್ ಡ್ಯೂಟೀಲಿ ಫೋನ್ ಬಿಡಲ್ಲ ಮೇಡಂ, ಕ್ಷಮಿಸಿ."

ಮೇಡಂ ಬಳಿ ಹೋಗಿ ಎಲ್ಲವನ್ನೂ ಹೇಳಿದೆ.

"ವೆಯ್ಟಿಂಗ್ ಲಿಸ್ಟಿನ ಇಬ್ಬರಿಗೆ ಕನ್‌ಫರ್ಮ್ ಮಾಡಿ ಆಯ್ತಲ್ಲಮ್ಮ. ಈಗ ಬರ್ಬೇಡಿ ಅನ್ನೋಕಾಗುತ್ತಾ? ಗುರುವಾರ ಬಿಟ್ರೆ ನಂಗೂ ಟೈಮಿಲ್ಲ."

ಅವರ ಮಾತು ಸರಿಯಾಗಿತ್ತು. ಅಕ್ಕನಿಗೂ ಆ ಸೆಕ್ಯುರಿಟಿಯವರಿಗೂ ವಿಷಾದದ ಸಂದೇಶ ಬರೆದವಳೂ ನಾನೇ.

ಅಂಜನಾಪುರದ ಮನೆಗೆ ಬಂದಾಗ ಅಕ್ಕ ಗೋಡೆಗೆ ಕಾಲೆತ್ತಿಟ್ಟು ಮಲಗಿದ್ದಳು.

"ಆ ಮೆಸೇಜು ನೀನೇ ಕಳ್ಸಿದ್ದಾ?"

"ಹೂಂ."

"ನನ್ ಫೋನ್ ಎಲ್ಲಿರುತ್ತೆ ಅಂತ ಗೊತ್ತಿಲ್ವೇನೇ ನಿಂಗೆ?"

"ಗೊತ್ತು. ನಿಂಗೊಬ್ಳಿಗೆ ಮಾತ್ರ ಫೋನ್ ಮಾಡಿದ್ರೆ ತಪ್ಪಾಗ್ತಿತ್ತಕ್ಕ."

"ಎಲ್ರಿಗೂ ಮಾಡ್ಬೋದಿತ್ತಲ್ಲ. ಎಂಟು ಜನ ತಾನೆ?"

ನಾನು ಚೀಲ ಕೆಳಗಿಟ್ಟೆ.

"ಏಳು ಗಂಟೆವರ್ಗೂ ಅಂತ ಬರೀಬೋದಿತ್ತು. ಬಿಡು, ದೊಡ್ಡ ಆಫೀಸರು ನೀನು," ಎಂದು ಅವಳು ಮಗ್ಗುಲು ಬದಲಿಸಿದಳು.

ಎಂಟೂ ರೆಸ್ಯೂಮೆಗಳಲ್ಲಿ ಯಾರು ಎಲ್ಲಿ ಕೆಲಸ ಮಾಡುತ್ತಿದ್ದಾರೆಂದು ಬರೆದಿತ್ತು. ಅಕ್ಕನದನ್ನು ಬಿಟ್ಟು ಉಳಿದವರದನ್ನು ಅಂಕ ಕೊಡುವಾಗ ಓದಿದ್ದೆ, ಸಮಯ ಹಂಚುವಾಗ ನೋಡಿರಲಿಲ್ಲ. ಹಗಲಿನಲ್ಲಿ ಫೋನ್ ಕೈಯಲ್ಲಿದ್ದವರೆಲ್ಲ ಒಳಗೆ ಬಂದರು; ಇಲ್ಲದಿದ್ದ ಇಬ್ಬರು ಹೊರಗುಳಿದರು. ಮುಂದಿನ ಸಲದಿಂದ ಮರುದಿನ ಸಂಜೆಯವರೆಗೆ ಗಡುವು ಕೊಟ್ಟು, ಉತ್ತರಿಸದ ಪ್ರತಿಯೊಬ್ಬರಿಗೂ ಕರೆ ಮಾಡಿದ ಮೇಲೆಯೇ ಪಟ್ಟಿ ಮುಚ್ಚಿದೆ. ಮೇಡಂ ಅದನ್ನು ನಿಯಮವಾಗಿಸಿದರು, ನನ್ನನ್ನು ಹೊಗಳಿದರು. ಮನೆಯಲ್ಲಿ ಅದನ್ನು ಹೇಳಲಿಲ್ಲ.

ಆ ವರ್ಷವೇ ಅಕ್ಕನ ಎಡಗಾಲಿನಲ್ಲಿ ಹುಣ್ಣಾಯಿತು. ಅವಳು ಕೆಲಸ ಬಿಟ್ಟಳು. ನನಗೆ ಅದೇ ಕಂಪನಿಯಲ್ಲಿ ಕೆಲಸ ಕಾಯಂ ಆಯಿತು. ನಾವು ಅಂಜನಾಪುರದ ಮನೆ ಬಿಟ್ಟು ತಲಘಟ್ಟಪುರದಲ್ಲಿ ಒಂದು ಕೋಣೆಯ ಮನೆಗೆ ಬಂದಿದ್ದೇವೆ. ಅಮ್ಮ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಅಕ್ಕ ನನ್ನೊಡನೆ ಬೇಕಾದಷ್ಟೇ ಮಾತನಾಡುತ್ತಾಳೆ. ಅವಳು ಮತ್ತೆ ಎಲ್ಲಿಗೂ ಅರ್ಜಿ ಹಾಕಿಲ್ಲ.