ವರದಿ ಯಾರಿಗೆ?

ಸುಳ್ಳು ಅಂತೀಯಾ? ನಾನೇ ಪಕ್ಕದಲ್ಲಿ ಕೂತಿದ್ದೆ ಮಾರಾಯ! ನಮ್ಮ ಆಡಿಟ್ ಕಚೇರಿಯಲ್ಲಿ ಪ್ರತಿ ಲೆಕ್ಕಕ್ಕೂ ಪೆನ್ಸಿಲ್‌ನಲ್ಲಿ ಟಿಕ್ ಹಾಕುವ ಟಿಕ್ಕಕ್ಕ ಹುಬ್ಬೇರಿಸಿದರೆ ಆನೆಯೂ ತಾನು ತಿಂದ ಕಬ್ಬಿಗೆ ಬಿಲ್ ತೋರಿಸುತ್ತಿತ್ತು.

ಅವತ್ತು ಕೆಲಸ ಕೇಳಿ ಬಂದ ಹುಡುಗಿಯ ರೆಸ್ಯೂಮೆಯಲ್ಲಿ ಸಿಎ ಇಂಟರ್ ಪರೀಕ್ಷೆಯ ಎರಡೂ ಗ್ರೂಪ್ ಪಾಸಾಗಿತ್ತು, ಕಾನೂನು ಕಡ್ಡಾಯ ಮಾಡಿರುವ ಶಾಸನಬದ್ಧ ಆಡಿಟ್‌ನ ಅನುಭವವೂ ಇತ್ತು. ನಮಗೆ ಬೇಕಾದದ್ದು ಅವೆರಡೇ.

"ನಿಮ್ಮ ವರದಿ ಯಾರಿಗೆ ಹೋಗ್ತಿತ್ತಮ್ಮಾ?" ಟಿಕ್ಕಕ್ಕ ಕೇಳಿದಳು.

"ಕಂಪನಿ ಮ್ಯಾನೇಜ್‌ಮೆಂಟ್‌ಗೆ, ಮೇಡಂ."

ಟಿಕ್ಕಕ್ಕನ ಪೆನ್ಸಿಲ್ ನಿಂತಿತು. "ಹಾಗಾದ್ರೆ ಅದು ಇಂಟರ್ನಲ್ ಆಡಿಟ್. ಶಾಸನಬದ್ಧದ ವರದಿ ಷೇರುದಾರರಿಗೆ ಹೋಗುತ್ತೆ."

ಹುಡುಗಿ ಬಿಳಿಚಿಕೊಂಡಳು. "ಅಪ್ಪನ ಕೆಲಸ ಹೋಗಿದೆ ಮೇಡಂ. ಅದಕ್ಕೇ ಹಾಗೆ ಬರೆದೆ."

ಟಿಕ್ಕಕ್ಕ ಬೈಯಲಿಲ್ಲ. ಪೆನ್ಸಿಲನ್ನು ಅವಳತ್ತ ಸರಿಸಿದಳು. ಹುಡುಗಿ ತಾನೇ ರೆಸ್ಯೂಮೆಯ ಆ ಸುಳ್ಳು ಸಾಲು ಹೊಡೆದುಹಾಕಿ, ನಮಸ್ಕರಿಸಿ ಹೊರಟಳು. ಖಾಲಿ ಕುರ್ಚಿಯನ್ನು ನೋಡುತ್ತಾ ಟಿಕ್ಕಕ್ಕ ಫೋನ್ ಕೈಗೆತ್ತಿಕೊಂಡಳು.

"ಇಂಟರ್ನಲ್ ಆಡಿಟ್ ಮಾಡೋ ಕಚೇರಿಯೋರಿಗೆ ಒಂದು ಫೋನ್ ಹಾಕ್ಲಾ, ಈ ಹುಡುಗಿಗೆ ಕೆಲಸ ಇದೆಯಾ ಅಂತ?" ಅಂತ ನನ್ನನ್ನೇ ಕೇಳಿದಳು. ನಾನು—

"ರೀ, ಊಟ ಆರ್ತಾ ಇದೆ, ಬನ್ರೀ!" ನೋಡು, ಒಳಗಿಂದ ಹೆಂಡತಿ ಕೂಗಿದಳು; ಉಳಿದದ್ದು ಊಟ ಆದ್ಮೇಲೆ.