ಕಾಫಿ ಆರುವ ಮೊದಲೇ ರೇಟಿನ ಕಾಗದ

ಯಾರಾದರೂ "ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ಕೇಳಿದರೆ ಜಲಜಕ್ಕನ ಹುಬ್ಬು ಗಂಟಿಕ್ಕುತ್ತಿತ್ತು. ಇವನು ಏನನ್ನೋ ಮುಚ್ಚಿಡಲು ಹೊರಟಿದ್ದಾನೆ ಎಂದೇ ಅವಳ ತೀರ್ಮಾನ. ಅದಕ್ಕೆ ಕಾರಣವಿತ್ತು.

1997ರಲ್ಲಿ ಕೋಟದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯ ಹೆಂಗಸರು ಕೂಲಿ ಏರಿಸಬೇಕೆಂದು ಹನ್ನೊಂದು ದಿನ ಗೇಟಿನ ಹೊರಗೆ ಕೂತರು. ಅವರ ಮುಂದಾಳು ಜಲಜಕ್ಕ. ಒಡೆಯರು ಅವರಲ್ಲಿ ಐವರನ್ನು ಮಾತುಕತೆಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿದರು, ಕಾಫಿ ತರಿಸಿದರು. "ಮಗಳ ಮದಿ ಆಯ್ತಾ ಜಲಜಾ? ಗಂಡನ ಕೆಮ್ಮು ಹ್ಯಾಂಗಿತ್?" ಉತ್ತರ ಪೂರ್ತಿಯಾಗುವ ಮೊದಲೇ ಇನ್ನೊಬ್ಬಳ ದನ ಕರು ಹಾಕಿದ ಸುದ್ದಿ. ಹೀಗೆ ಒಂದು ಗಂಟೆ ಕಳೆಯಿತು. ಆಮೇಲೆ ಒಡೆಯರು ವಾಚು ನೋಡಿಕೊಂಡು, "ಬ್ಯಾಂಕಿನವ್ರ್ ಬಪ್ಪು ಹೊತ್ತಾಯ್ತ್, ಇನ್ನೊಂದಿನ ಕೂಕಂಬ" ಎಂದು ಎದ್ದುಬಿಟ್ಟರು. ಕೂಲಿಯ ಮಾತೇ ಬರಲಿಲ್ಲ. ಮೂರು ಸಲ ಇದೇ ಆಟ ನಡೆಯಿತು. ನಾಲ್ಕನೇ ಸಲ ಜಲಜಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಒಡೇರೆ, ಕಾಫಿ ಬ್ಯಾಡ. ಕೂಲಿ ಎಷ್ಟ್ ಏರ್ಸ್ತ್ರಿ, ಅದ್ ಹೇಳಿ."

ಅಂದು ಸಂಜೆಯೇ ಕೂಲಿ ಏರಿತು. ಜಲಜಕ್ಕನ ತಲೆಯೊಳಗೆ ಒಂದು ಪಾಠ ಮೊಳೆ ಹೊಡೆದ ಹಾಗೆ ಕೂತಿತು: ಸುಖದುಃಖ ವಿಚಾರಿಸುವವನು ಕಳ್ಳ.

ಮುಂದೆ ಆ ಕಾರ್ಖಾನೆಯ ಸಂಗ ಬಿಟ್ಟು, ಅಲ್ಲಿಯದೇ ಹದಿನಾರು ಹೆಂಗಸರನ್ನು ಕಟ್ಟಿಕೊಂಡು ಶಂಕರನಾರಾಯಣದ ಬಳಿ ತನ್ನದೇ ಸಣ್ಣ ಘಟಕ ಶುರು ಮಾಡಿದಳು. ಮೊದಲ ಎರಡು ವರ್ಷ ಅವರ ಬೀಜ ಮಂಗಳೂರಿನ ಏಜೆಂಟರ ಮೂಲಕ ಹಾಲೆಂಡಿಗೆ ಹೋಯಿತು. ಅಲ್ಲಿಂದ ಬಂದಿದ್ದ ಉದ್ದ ಕಾಲಿನ ಬಿಳಿಯನೊಬ್ಬ ಕೈಕುಲುಕಿ, ದಾರಿ ಚೆನ್ನಾಗಿದೆ ಎಂದ. ಕುರ್ಚಿ ಬಿಸಿಯಾಗುವ ಮೊದಲೇ ಚೀಲದಿಂದ ಪಟ್ಟಿ ತೆಗೆದು ತೇವ ಎಷ್ಟು, ಒಡಕು ಎಷ್ಟು, ಯಾವ ತಿಂಗಳಿಗೆ ಎಷ್ಟು ಡಬ್ಬಿ ಎಂದು ಕೇಳಿದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. "ನಮ್ ಹೆಸ್ರ್ ಸಮೇತ ಕೇಣ್ಲಿಲ್ಲೆ ಮಾರಾಯ್ತಿ, ಇವ ಎಂತ ಮನ್ಷ!" ಎಂದು ಗಿರಿಜಾ ಮೂಗು ಮುರಿದಳು. ಘಟಕದ ಲೆಕ್ಕ ನೋಡಿಕೊಳ್ಳುವವಳು ಅವಳು. ಜಲಜಕ್ಕನಿಗೆ ಮಾತ್ರ ಆ ಮನುಷ್ಯ ಬಹಳ ಹಿಡಿಸಿದ್ದ.

ಮೂರನೇ ವರ್ಷ ಅವನ ಕಂಪನಿ ಇವರನ್ನು ಬಿಟ್ಟು ವಿಯೆಟ್ನಾಮಿನ ಬೀಜದತ್ತ ತಿರುಗಿತು. ಆಗ 2008ರ ಫೆಬ್ರವರಿ. ಮಾರ್ಚಿನಲ್ಲಿ ಹಸಿ ಬೀಜ ಪೇಟೆಗೆ ಬೀಳುತ್ತದೆ. ಕೈಯಲ್ಲಿ ಆರ್ಡರ್ ಇಲ್ಲದಿದ್ದರೆ ಅದನ್ನು ಕೊಳ್ಳುವ ಹಾಗಿಲ್ಲ, ಬೆಳೆಗಾರರು ಯಾರೂ ಕಾಯುವುದಿಲ್ಲ. ಹದಿನಾರು ಹೆಂಗಸರೂ ಮತ್ತೆ ಅದೇ ಒಡೆಯರ ಗೇಟಿಗೆ ಹೋಗಬೇಕು, ಅದೂ ತಲೆ ತಗ್ಗಿಸಿಕೊಂಡು. ಜಲಜಕ್ಕನಿಗೆ ಗೇಟಿಗಿಂತ ಆ ತಗ್ಗಿಸುವುದು ದೊಡ್ಡ ಸಂಕಟವಾಗಿತ್ತು.

ಮಸ್ಕತ್ತಿನ ಹೋಟೆಲಿನಲ್ಲಿ ಹತ್ತು ವರ್ಷ ದುಡಿದು ಬಂದಿದ್ದ ಬೀಜಾಡಿ ಊರಿನ ಪ್ರೇಮಾನಂದ ಅಲ್ಲಿನ ವ್ಯಾಪಾರಿ ಸಲೀಮರನ್ನು ಘಟಕಕ್ಕೆ ಕರೆದುಕೊಂಡು ಬಂದ. ಸಲೀಮರಿಗೆ ಹಿಂದಿ ಬರುತ್ತಿತ್ತು, ಅದನ್ನು ಪ್ರೇಮಾನಂದ ಕನ್ನಡ ಮಾಡುತ್ತಿದ್ದ. ನಿಲುವಂಗಿ ಸರಿಪಡಿಸಿಕೊಂಡು ಕೂತ ಸಲೀಮರು ಮೊದಲು ಕೇಳಿದ್ದೇ, "ಮನೆಯಲ್ಲಿ ಎಲ್ಲರೂ ಸೌಖ್ಯವೇ? ಮಕ್ಕಳು?"

ಜಲಜಕ್ಕನ ಹುಬ್ಬು ಗಂಟಾಯಿತು. "ಎಲ್ಲ ಸೌಖ್ಯ" ಎಂದವಳೇ ರೇಟಿನ ಕಾಗದವನ್ನು ಕಾಫಿಯ ಪಕ್ಕಕ್ಕೆ ದೂಡಿದಳು. "ಇದ್ ಇಡೀ ಬೀಜದ್ದ್, ಇದ್ ಹೋಳಿಂದ್. ನಿಮ್ಗ್ ಎಷ್ಟ್ ಡಬ್ಬಿ ಬೇಕ್?"

ಸಲೀಮರ ನಗೆ ಮುಖದ ಮೇಲೆ ಹಾಗೆಯೇ ನಿಂತಿತು. ಕಾಗದವನ್ನು ಮುಟ್ಟಲಿಲ್ಲ. ಕಾಫಿ ಅರ್ಧ ಕುಡಿದು, ಡಬ್ಬಿಗಳನ್ನು ದೂರದಿಂದ ನೋಡಿ, ಬಹಳ ಚೆನ್ನಾಗಿದೆ, ದೇವರು ಒಳ್ಳೆಯದು ಮಾಡಲಿ ಎಂದು ಕಾರು ಹತ್ತಿದರು.

ಅವರನ್ನು ಕುಂದಾಪುರದ ಲಾಡ್ಜಿಗೆ ಬಿಟ್ಟು ಬಂದ ಪ್ರೇಮಾನಂದ ಅಂಗಳದಲ್ಲೇ ಕೂಗಾಡಿದ. "ಎಂತ ಜಲಜಕ್ಕ, ಮನ್ಷ ಸಮಾ ಕೂಕಂಬು ಮೊದ್ಲೇ ರೇಟ್ ಮೂತಿಗ್ ಹಿಡ್ದ್ರಿಯಲೆ! ಅವ್ರಲ್ಲಿ ಹಾಂಗ್ ಮಾಡ್ರೆ 'ನೀ ಬ್ಯಾಡ, ನಿನ್ ದುಡ್ಡ್ ಮಾತ್ರ ಬೇಕ್' ಅಂದಂಗೆ."

"ನಂಗ್ ಅವ್ರ್ ದುಡ್ಡೇ ಬೇಕಾದ್ದ್. ಅವ್ರ್ನ್ ಕಟ್ಕಂಡ್ ನಾ ಎಂತ ಮಾಡುದ್?"

"ನಾಳೆ ರಾತ್ರಿ ಅವ್ರ್ ವಾಪಾಸ್ ಹೋತ್ರ್. ಬೆಳಿಗ್ಗೆ ಲಾಡ್ಜಿಗ್ ಒಂದ್ ಸಲ ಬನಿ. ಬೀಜದ್ ಮಾತ್ ನೀವ್ ತೆಗುಕಾಗ. ಅವ್ರೇ ತೆಗಿಲಿ. ಮಕ್ಳನ್ ಕೇಣಿ, ಆರೋಗ್ಯ ಕೇಣಿ. ಹೆಂಡ್ತಿ ಸುದ್ದಿ ಮಾತ್ರ ಕೇಂಬುಕಾಗ, ಅವ್ರಿಗ್ ಅದ್ ಸರಿ ಆತಿಲ್ಲೆ."

ಜಲಜಕ್ಕ ಅವನನ್ನೇ ನೋಡಿದಳು. ಒಡೆಯರು ಇವನಿಗೆ ಏನಾದರೂ ಕೊಟ್ಟಿರಬಹುದೇ? ನಾಳೆ ಇವರೂ ಹೊತ್ತು ಕಳೆದು ಬರಿಗೈಯಲ್ಲಿ ಕಳಿಸುವ ಹೂಟವೇ? ಆದರೂ ಬೆಳಿಗ್ಗೆ ಗಿರಿಜಾಳನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಬೇರೆ ದಾರಿ ಇರಲಿಲ್ಲ.

ಲಾಡ್ಜಿನ ಕೋಣೆಯಲ್ಲಿ ಸಲೀಮರು ಖರ್ಜೂರದ ತಟ್ಟೆ ಮುಂದಿಟ್ಟರು. ಮಕ್ಕಳೆಷ್ಟು ಎಂದರು. ಒಬ್ಬಳು ಮಗಳು, ಬೈಂದೂರಿಗೆ ಕೊಟ್ಟಿದೆ ಎಂದಳು. ಬೈಂದೂರು ಕಡಲಿಗೆ ಹತ್ತಿರವೋ ಎಂದರು. ಗೋಡೆಯ ಗಡಿಯಾರ ಅರ್ಧ ಗಂಟೆ ದಾಟಿತು. ಜಲಜಕ್ಕನ ನಾಲಗೆ ತುದಿಯಲ್ಲಿ ಡಬ್ಬಿಯ ಲೆಕ್ಕ ತುರಿಸುತ್ತಿತ್ತು. ಬಾಯಿಗೆ ಖರ್ಜೂರ ತುರುಕಿಕೊಂಡಳು.

ಸಲೀಮರು ಮತ್ತೆ ಬೈಂದೂರಿನ ಮಾತಿಗೆ ಬಂದರು. "ಅಳಿಯ ಕಡಲಿಗೆ ಹೋಗುವವನೇ? ಮಳೆಗಾಲದಲ್ಲಿ ಏನು ಮಾಡುತ್ತಾನೆ?"

ಜಲಜಕ್ಕ ಬೆಚ್ಚಿದಳು. ಒಡೆಯರು ಕೇಳಿ ಮರೆಯುತ್ತಿದ್ದರು. ಈ ಮನುಷ್ಯ ಹೇಳಿದ್ದನ್ನು ಹಿಡಿದುಕೊಂಡೇ ಮುಂದಿನದು ಕೇಳುತ್ತಿದ್ದಾನೆ! ಆಮೇಲೆ ಅವಳ ಕಪ್ಪು ಬೆರಳು ನೋಡಿ, ಇದೇನು ಎಂದರು. ಗೇರು ಸಿಪ್ಪೆಯ ಎಣ್ಣೆ ಸುಟ್ಟದ್ದು ಎಂದಳು. ಎಷ್ಟು ವರ್ಷ, ಯಾರ ಹತ್ತಿರ, ಯಾಕೆ ಬಿಟ್ಟದ್ದು? ಬಾಯಿ ಬಿಡಬಾರದೆಂದು ಬಂದವಳು ಹನ್ನೊಂದು ದಿನದ ಗೇಟಿನ ಕತೆಯನ್ನೆಲ್ಲ ಹೇಳಿಬಿಟ್ಟಳು, ಮೇಜಿಗೆ ಕುಕ್ಕಿದ ಲೋಟದ ಸಮೇತ. ಕೇಳಿ ಸಲೀಮರು ಹೊಟ್ಟೆ ಹಿಡಿದು ನಕ್ಕರು.

"ನೀವ್ ನೆನ್ನೆ ನಮ್ಗೂ ಕುಕ್ಕಿದ್ದೇ ಅಲ್ದಾ ಅಂತ್ರ್" ಎಂದು ಪ್ರೇಮಾನಂದ ಅವರ ಮಾತನ್ನು ಕನ್ನಡ ಮಾಡಿದ.

ಆಗ ಜಲಜಕ್ಕನಿಗೆ ವಿಷಯ ಹೊಳೆಯಿತು. ಬೀಜ ಕೆಟ್ಟರೆ ಈತ ಮಸ್ಕತ್ತಿನಿಂದ ಬಂದು ಕೋರ್ಟಿಗೆ ಹೋಗುವವನಲ್ಲ. ಅವನಿಗೆ ನೋಡಬೇಕಾದದ್ದು ಡಬ್ಬಿಯಲ್ಲ, ಡಬ್ಬಿಯ ಹಿಂದೆ ನಿಲ್ಲುವ ಆಳು. ಇದು ಹೊತ್ತು ಕೊಲ್ಲುವ ಮಾತಲ್ಲ, ಇದೇ ತಪಾಸಣೆ. ಒಡೆಯರ ಕಾಫಿಯೂ ಇವರ ಖರ್ಜೂರವೂ ನೋಡಲು ಒಂದೇ, ಮುಂದಿಡುವ ಉದ್ದೇಶ ಬೇರೆ. ಹಾಲೆಂಡಿನವನು ತಪಾಸಣೆಗೆ ಪಟ್ಟಿ ತಂದಿದ್ದ, ಈತ ಬಾಯಿ ತಂದಿದ್ದಾನೆ. ಹಾಗಂತ ಅವಳ ಅನುಮಾನವೇನೂ ಓಡಿಹೋಗಲಿಲ್ಲ. ಸೊಂಟ ನೆಟ್ಟಗೆ ಮಾಡಿ ಕೂತಳು.

ಒಂದೂವರೆ ಗಂಟೆಯಾದ ಮೇಲೆ ಸಲೀಮರೇ ಕೇಳಿದರು, "ನನಗೆ ಕಳಿಸಿದ್ದರಲ್ಲಿ ಒಂದು ಡಬ್ಬಿ ಕೆಟ್ಟರೆ?"

"ಬೇರೆ ಡಬ್ಬಿ ಕೊಡ್ತೆ. ಆರೆ ಮಳೆ ಹಿಡ್ದ್ ಮೇಲೆ ನಮ್ಮಲ್ಲಿ ಸಮಾ ಒಣ್ಗತಿಲ್ಲೆ. ಮೇ ಕಳ್ದ್ರೆ ನನ್ ಹತ್ರ ಕೇಣ್ಬೇಡಿ."

ಪ್ರೇಮಾನಂದ ಇದನ್ನು ಹೇಳಲು ಹಿಂದೇಟು ಹಾಕಿದ. ಜಲಜಕ್ಕ ಕಣ್ಣು ಕೆಕ್ಕರಿಸಿದಳು, ಅವನು ಹೇಳಿದ. ಸಲೀಮರು ತಲೆಯಾಡಿಸಿ, ನಿನ್ನೆಯ ಕಾಗದದ ರೇಟಿಗೇ ಮೇ ಒಳಗೆ ಇನ್ನೂರು ಡಬ್ಬಿ, ಚೆನ್ನಾಗಿದ್ದರೆ ಮುಂದಿನ ವರ್ಷ ಹೆಚ್ಚು ಎಂದು ಎದೆಯ ಮೇಲೆ ಕೈ ಇಟ್ಟರು.

"ಬರ್ದ್ ಕೊಡುಕ್ ಹೇಳ್" ಎಂದಳು ಜಲಜಕ್ಕ.

"ಅಯ್ಯೋ! ಎದಿ ಮುಟ್ಟಿ ಹೇಳಿರಲೆ ಜಲಜಕ್ಕ."

"ಎದಿ ಒಳ್ಗಿನ್ ಅಕ್ಷರ ನಂಗ್ ಓದುಕ್ ಬತ್ತಿಲ್ಲೆ. ಹೇಳ್ ನೀನ್."

ಸಲೀಮರು ಲಾಡ್ಜಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಜಲಜಕ್ಕ ಅದನ್ನು ಪ್ರೇಮಾನಂದನಿಂದ ಎರಡು ಸಲ ಓದಿಸಿ, ಗಿರಿಜಾಳ ಕೈಗೂ ಕೊಟ್ಟು ನೋಡಿಸಿ, ಮಡಚಿ ಎದ್ದಳು.

"ಹ್ವಾಯ್, ಕೂಕಣಿ! ಕೆಲ್ಸ ಆದ್ ಕೂಡ್ಲೆ ಏಳುಕಾಗ" ಎಂದು ಪ್ರೇಮಾನಂದ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಇನ್ನೂ ಎಂತ ಇತ್ತಾ?"

ಇತ್ತು. ಜಲಜಕ್ಕ ಚೀಟಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದು ಮತ್ತೆ ಕೂತಳು. ಸಲೀಮರಿಗೆ ಮೊಮ್ಮಕ್ಕಳೆಷ್ಟು ಎಂದು ಕೇಳಿದಳು. ಏಳು ಎಂದರು. ಏಳು ಮಂದಿಯ ಹೆಸರನ್ನೂ ಕೇಳಿದಳು.