ಮೂರು ಚಕ್ರ, ಮೂರು ಅಕ್ಷರ

ಕೊಲ್ಲಿನಾಡಿನ ಶುಐಬಾದ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್ ಆಗಿದ್ದ ಕಾರ್ಕಳದ ಗೆಳೆಯರೊಬ್ಬರು, ಹಳೆಯ ಯುದ್ಧಕಾಲದ ಗುಪ್ತಲಿಪಿ ಯಂತ್ರದ ಮಾದರಿಯೊಂದನ್ನು ಎರಡು ವರ್ಷ ಕೂತು ಕಟ್ಟಿದರು. ಅದರಲ್ಲಿ ಮೂರು ಚಕ್ರ. ಕೀಲಿ ಒತ್ತಿದಾಗಲೆಲ್ಲ ಚಕ್ರ ಒಂದು ಹಲ್ಲು ತಿರುಗುವುದರಿಂದ ಒಂದೇ ಅಕ್ಷರ ಪ್ರತಿಸಲ ಬೇರೆಯಾಗಿ ಹೊರಬರುತ್ತದೆ. ಶುರುವಿನಲ್ಲಿ ಚಕ್ರಗಳನ್ನು ಯಾವ ಮೂರು ಅಕ್ಷರಕ್ಕೆ ನಿಲ್ಲಿಸಿದ್ದರು ಎಂಬುದೇ ಗುಟ್ಟು.

ನಾನು ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಹೇಳುವವನು. ಆ ಯಂತ್ರ ನಮ್ಮ ಪ್ರಯೋಗಾಲಯಕ್ಕೆ ಬೇಕೆಂದು ನನಗೆ ನಾಚಿಕೆಬಿಟ್ಟ ಆಸೆ. ಅವರು ಕೆಲಸ ಮುಗಿಸಿ ಊರಿಗೆ ಹೊರಟಿದ್ದರು.

"ಎರಡು ಮೆಸೇಜ್ ಕಳಿಸ್ತೇನೆ ಮಾಸ್ಟ್ರೇ. ಎರಡನ್ನೂ ಬಿಡಿಸಿದ್ರೆ ಮಷೀನ್ ನಿಮ್ಗೆ. ಇಲ್ಲದಿದ್ರೆ ಕಾರ್ಗೋದಲ್ಲಿ ನನ್ನೊಟ್ಟಿಗೆ."

ವೈರಿಂಗ್ ನನಗೆ ಗೊತ್ತಿತ್ತು, ಬೆಸುಗೆ ಹಾಕುವಾಗ ಪಕ್ಕದಲ್ಲೇ ಇದ್ದೆ. ಆದರೂ ಚಕ್ರಗಳನ್ನು ಹದಿನೇಳು ಸಾವಿರದ ಚಿಲ್ಲರೆ ರೀತಿಯಲ್ಲಿ ನಿಲ್ಲಿಸಬಹುದು. ಮನುಷ್ಯನನ್ನೇ ಹಿಡಿಯಬೇಕು ಅಂದುಕೊಂಡೆ. ಅವರು ಯಾವ ಫೋನನ್ನೂ "ಯಲ್ಲಾ ಖಲಾಸ್", ಅಂದರೆ ಸರಿ, ಮುಗೀತು, ಅನ್ನದೆ ಇಟ್ಟವರಲ್ಲ. ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ. ಸಂದೇಶವನ್ನೂ ಹಾಗೆಯೇ ಮುಗಿಸಿರಬೇಕೆಂದು ಅದನ್ನು ಮೊದಲ ಸಂದೇಶದ ಬಾಲದ ಕೆಳಗೆ ಬರೆದು ನೋಡಿದೆ. ಈ ಯಂತ್ರದಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಬರುವುದಿಲ್ಲ. ಒಂದು ಹೊಂದಿದ್ದರೂ ನನ್ನ ಊಹೆ ಸುಳ್ಳು. ಒಂದೂ ಹೊಂದಲಿಲ್ಲ. ಚಕ್ರಗಳನ್ನು ಹೇಗೆ ನಿಲ್ಲಿಸಿದರೆ ಆ ಬಾಲ ಮೂಡುತ್ತದೆ ಎಂದು ಹುಡುಕಲು ಲ್ಯಾಪ್‌ಟಾಪಿಗೆ ಒಪ್ಪಿಸಿದೆ. ಚಹಾ ಕುದಿಯುವಷ್ಟರಲ್ಲಿ ಉತ್ತರ ಬಂತು: IXE. ಮಂಗಳೂರು ವಿಮಾನ ನಿಲ್ದಾಣದ ಸಂಕೇತ.

ಹೇಗೆ ಸಿಕ್ಕಿತೆಂದು ಅವರು ಕೇಳಿದರು. ಬಾಲದ ವಿಷಯ ಹೇಳಿ ಚೆನ್ನಾಗಿ ಗೇಲಿ ಮಾಡಿದೆ. ಮೂರು ಅಕ್ಷರದ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ.

ಎರಡನೆಯದರಲ್ಲಿ ಹುಡುಕಿದರೆ ಖಲಾಸೂ ಇಲ್ಲ, ಸಲಾಮೂ ಇಲ್ಲ. ಲ್ಯಾಪ್‌ಟಾಪಿಗೆ ಹುಡುಕಲು ಹೇಳುವುದಕ್ಕೆ ಬೇರೆ ಪದವೇ ಇಲ್ಲ. ಯಂತ್ರ ಕೈತಪ್ಪಿತೆಂದು ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದೆ. ಮೂರನೆಯ ದಿನ, ಈ ಮನುಷ್ಯ ಬಾಲ ಕತ್ತರಿಸಿದರೂ ಊರು ಬಿಟ್ಟಾರೆಯೇ ಅನ್ನಿಸಿತು. ಮತ್ತೆ IXE ಕೊಟ್ಟೆ. "ಏರ್‌ಪೋರ್ಟಿಗೆ ಬರಬೇಡಿ, ನಾನು ಅಳ್ತೇನೆ" ಎಂದಿತ್ತು.

ಹೋದೆ. ಅತ್ತರು, ನಾನೂ ಅತ್ತೆ. ಯಂತ್ರ ಈಗ ಶಾಲೆಯಲ್ಲಿದೆ.

ಹೋಗುವಾಗ, ಯಂತ್ರದಂತೆಯೇ ಸಂದೇಶ ಕಟ್ಟಿ ಬಿಡಿಸುವ ನನ್ನ ಲ್ಯಾಪ್‌ಟಾಪಿನ ಪ್ರೋಗ್ರಾಮನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದೆ. ಮೊನ್ನೆ ಕಾರ್ಕಳದಿಂದ ಹೊಸ ಸಂದೇಶ ಬಂತು. ಬೀಗುತ್ತಲೇ IXE ಒತ್ತಿದೆ. ಬರೀ ಕಸ. ಅಂತೂ ಕಲಿತರಲ್ಲ ಎಂದು ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಸುಮ್ಮನೆ ಇನ್ನೊಂದು ಪ್ರಯತ್ನವೆಂದು ಇಲ್ಲಿನ ನಿಲ್ದಾಣದ ಸಂಕೇತ ಕೊಟ್ಟೆ, KWI.

"ಇಲ್ಲಿ ಮಾತಾಡ್ಲಿಕ್ಕೆ ಯಾರೂ ಇಲ್ಲ ಮಾಸ್ಟ್ರೇ" ಎಂದು ತೆರೆಯಿತು.